ಕೆಲಸ ಬಿಟ್ಟೆ, 90 ದಿನದಲ್ಲಿ ಈಸಾಪ್ ತಗೋಬೇಕು. ಎಚ್‌ಆರ್ ಹೇಳ್ತಿರೋ 7.61 ಲಕ್ಷ ತೆರಿಗೆ ಸರಿನಾ?

ಬನಶಂಕರಿ_2ನೇಹಂತ · ಫೆಬ್ರವರಿ 7, 2026

ಬೆಳ್ಳಂದೂರಿನ ಒಂದು ಸ್ಟಾರ್ಟಪ್ಪಲ್ಲಿದ್ದೆ. ಜನವರಿ 30 ಕೊನೇ ದಿನ. ಕಂಪನಿ ಷೇರು ಕೊಳ್ಳೋ ಹಕ್ಕು, ಅಂದ್ರೆ ಈಸಾಪ್, 4,000 ಆಪ್ಷನ್ ವೆಸ್ಟ್ ಆಗಿ ನನ್ನ ಪಾಲಿಗೆ ಬಂದಿವೆ, ಎಕ್ಸರ್‌ಸೈಸ್ ಬೆಲೆ ತಲಾ 10 ರೂಪಾಯಿ. ಕಂಪನಿ ಲಿಸ್ಟ್ ಆಗಿಲ್ಲ. ತಗೊಳ್ಳೋಕೆ ಏಪ್ರಿಲ್ 30ರವರೆಗೆ ಟೈಮು.

ಎಚ್‌ಆರ್ ಮೇಲ್‌ನಲ್ಲಿ ಬರೆದಿರೋದು ಇಷ್ಟು: ಎಫ್‌ಎಂವಿ, ಅಂದ್ರೆ ಷೇರಿನ ನ್ಯಾಯವಾದ ಮಾರುಕಟ್ಟೆ ಬೆಲೆ, 620 ರೂಪಾಯಿ, ವರದಿ ದಿನಾಂಕ 2025 ಸೆಪ್ಟೆಂಬರ್ 15. ಷೇರಿಗೆ 40,000, ಟಿಡಿಎಸ್ 7,61,280, ಎರಡೂ ಮೊದಲೇ ಕಟ್ಟಬೇಕು, ಆಮೇಲೆ ಅಲಾಟ್ಮೆಂಟ್.

ಹಳೇ ಕಂಪನಿಲಿ ಏಪ್ರಿಲ್‌ನಿಂದ ಜನವರಿವರೆಗೆ ಸಂಬಳ 24.75 ಲಕ್ಷ. ಹೊಸ ಕಂಪನಿಲಿ ಫೆಬ್ರವರಿ, ಮಾರ್ಚ್ ಸೇರಿ 4 ಲಕ್ಷ. ಹೊಸ ರೆಜಿಮ್. ಎರಡು ಪ್ರಶ್ನೆ. ಈ 7.61 ಲಕ್ಷ ಸರಿನಾ? ಮುಂದೆ ಮಾರಿದಾಗ ಮತ್ತೆ ತೆರಿಗೆ ಕಟ್ಟೋದಾದ್ರೆ ಒಂದೇ ದುಡ್ಡಿಗೆ ಎರಡು ಸಲ ಆಗಲ್ವಾ?

---

ಕೋರಮಂಗಲ_ಫಿಲ್ಟರ್‌ಕಾಫಿ

ಗುರು, ಸ್ಟಾರ್ಟಪ್ ಅಂದ್ಮೇಲೆ ಈಗ ಯಾಕೆ ಕಟ್ತೀಯ? 2020ರ ಬಜೆಟ್ಟಲ್ಲೇ ಬಂದಿದೆ, ಸ್ಟಾರ್ಟಪ್ ಈಸಾಪ್ ತೆರಿಗೆ 5 ವರ್ಷ ಮುಂದಕ್ಕೆ. ಎಚ್‌ಆರ್‌ಗೆ ಗೊತ್ತಿರಲ್ಲ, ಕೇಳಿ ನೋಡು.

---

ಹೆಬ್ಬಾಳ_ಜಾಮ್

ನಮ್ದು ಅಮೆರಿಕದ ಕಂಪನಿ. ವೆಸ್ಟ್ ಆದ ದಿನವೇ ಒಂದಷ್ಟು ಷೇರು ಅವರೇ ಮಾರಿ ಟಿಡಿಎಸ್ ಕಟ್ಕೋತಾರೆ, ಮಿಕ್ಕಿದ್ದು ನಮ್ಮ ಅಕೌಂಟಿಗೆ. ನೀವೂ ಹಾಗೇ ಮಾಡಿಸಿ, ಕೈಯಿಂದ ಒಂದು ಪೈಸೆ ಹಾಕೋದು ಬೇಡ.

---

ಕುಡ್ಲದ_ಹುಡುಗ

@ಹೆಬ್ಬಾಳ_ಜಾಮ್ ಮಾರಾಯ, ನಿಮ್ಮದು ಆರ್‌ಎಸ್‌ಯು, ವೆಸ್ಟ್ ಆದಾಗ ಕಂಪನಿಯೇ ನೇರ ಕೊಡುವ ಷೇರು, ಅದಕ್ಕೆ ನಾಸ್ಡಾಕ್‌ನಲ್ಲಿ ಕೊಳ್ಳುವವರಿದ್ದಾರೆ. ಇವರದ್ದು ಲಿಸ್ಟೇ ಆಗದ ಷೇರು. ಮಾರುವುದು ಯಾರಿಗೆ, ಬೆಳ್ಳಂದೂರು ಕೆರೆಗಾ?

---

ಪೇರೋಲ್_ಪದ್ಮ

@ಕೋರಮಂಗಲ_ಫಿಲ್ಟರ್‌ಕಾಫಿ ಅರ್ಧ ಸರಿ. ಆ ಸೌಲಭ್ಯ ಎಲ್ಲಾ ಸ್ಟಾರ್ಟಪ್‌ಗೂ ಇಲ್ಲ. ಕೇಂದ್ರದ ಡಿಪಿಐಐಟಿ ಇಲಾಖೆಯ ಸ್ಟಾರ್ಟಪ್ ಮಾನ್ಯತೆ ಒಂದೇ ಸಾಲಲ್ಲ, ತೆರಿಗೆ ಕಾಯ್ದೆಯ 80-ಐಎಸಿ ಅಡಿ ಅಂತರ್ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಇರಬೇಕು. ಅದು ಇರೋ ಕಂಪನಿಗಳು ತುಂಬಾ ಕಮ್ಮಿ.

ಪ್ರಮಾಣಪತ್ರ ಇದ್ರೂ ಇವರಿಗೆ ಉಪಯೋಗ ಇಲ್ಲ. ಮುಂದೂಡಿದ ತೆರಿಗೆ ಕಟ್ಟೋಕೆ ಮೂರು ಗಡುವು: ಸಂಬಂಧಪಟ್ಟ ಅಸೆಸ್ಮೆಂಟ್ ವರ್ಷ ಮುಗಿದು 48 ತಿಂಗಳು, ಷೇರು ಮಾರಿದ ದಿನ, ಕೆಲಸ ಬಿಟ್ಟ ದಿನ. ಯಾವುದು ಮೊದಲೋ ಅದರಿಂದ 14 ದಿನದೊಳಗೆ ಕಂಪನಿ ತೆರಿಗೆ ಕಟ್ಟಬೇಕು. ಇವರು ಕೆಲಸ ಬಿಟ್ಟಾಗಿದೆ, ಮುಂದೂಡೋಕೆ ಏನು ಉಳೀತು?

---

ಕೋರಮಂಗಲ_ಫಿಲ್ಟರ್‌ಕಾಫಿ

ಓ, ಕೆಲಸ ಬಿಟ್ರೆ ಇಲ್ವಾ. ಅದು ಗೊತ್ತಿರಲಿಲ್ಲ. ಆದ್ರೆ 620 ಅನ್ನೋದೇ ಅನುಮಾನ. ಎಫ್‌ಎಂವಿ ಅಂದ್ರೆ ಕಡೇ ಫಂಡಿಂಗ್ ರೌಂಡಿನ ಬೆಲೆ ಅಲ್ವಾ? ಅದು ಎಷ್ಟಿತ್ತು?

---

ಬನಶಂಕರಿ_2ನೇಹಂತ

ಪೇಪರಲ್ಲಿ ಬಂದ ಲೆಕ್ಕ ನೋಡಿದ್ರೆ 1,000ದ ಹತ್ತಿರ. ಹಾಗಾದ್ರೆ 620 ತಪ್ಪಾ? ನಾಳೆ ಇಲಾಖೆ ಬಂದು 1,000 ಅಂತ ಹಿಡ್ಕೊಂಡ್ರೆ?

---

ಲೆಕ್ಕದ_ಕಟ್ಟೆ

ಒಂದೊಂದಾಗಿ ನೋಡೋಣ.

620 ತಪ್ಪಲ್ಲ. ಹೂಡಿಕೆದಾರರು ರೌಂಡಲ್ಲಿ ತಗೊಳ್ಳೋದು ಪ್ರಿಫರೆನ್ಸ್ ಷೇರು. ಕಂಪನಿ ಮುಳುಗಿದ್ರೆ, ಮಾರಾಟ ಆದ್ರೆ ಅವರ ದುಡ್ಡು ಮೊದಲು ವಾಪಸ್ಸು. ನಿಮಗೆ ಸಿಗೋದು ಸಾದಾ ಈಕ್ವಿಟಿ, ಅದರ ಬೆಲೆ ಸಾಮಾನ್ಯವಾಗಿ ಕೆಳಗೇ ಇರತ್ತೆ. ಲಿಸ್ಟ್ ಆಗದ ಷೇರಿಗೆ ಬೆಲೆ ಹೇಳೋ ಅಧಿಕಾರ ಮರ್ಚೆಂಟ್ ಬ್ಯಾಂಕರ್‌ಗೆ ಮಾತ್ರ, ಸೆಬಿಲಿ ಕೆಟಗರಿ 1 ನೋಂದಣಿ ಆದವರು. ನಮ್ಮಂಥ ಸಿಎ ಬರ್ಕೊಟ್ಟ ಮೌಲ್ಯಮಾಪನ ಇಲ್ಲಿ ನಡೆಯಲ್ಲ. ಲಿಸ್ಟ್ ಆಗಿದ್ದಿದ್ರೆ ಈ ತಾಪತ್ರಯವೇ ಇಲ್ಲ, ಎಕ್ಸರ್‌ಸೈಸ್ ದಿನ ಎಕ್ಸ್‌ಚೇಂಜಲ್ಲಿ ಆರಂಭದ ಬೆಲೆ, ಮುಕ್ತಾಯದ ಬೆಲೆ ಎರಡರ ಸರಾಸರಿ.

ನೀವು ನೋಡಬೇಕಾಗಿರೋದು ವರದಿಯ ದಿನಾಂಕ. ಎಕ್ಸರ್‌ಸೈಸ್ ದಿನಕ್ಕಿಂತ 180 ದಿನಕ್ಕೂ ಹಳೇದಾಗಿರಬಾರದು. ಸೆಪ್ಟೆಂಬರ್ 15ರಿಂದ ಎಣಿಸಿದ್ರೆ 180ನೇ ದಿನ ಮಾರ್ಚ್ 14. ಅದು ದಾಟಿದ್ರೆ 620 ನಿಮಗೆ ಅನ್ವಯಿಸಲ್ಲ, ಹೊಸ ವರದಿ ಬೇಕು.

ಈಗ ತೆರಿಗೆ. ಪರ್ಕ್ವಿಸಿಟ್ ಅಂದ್ರೆ 620ರಲ್ಲಿ 10 ಕಳೆದು 610, ಗುಣಿಸು 4,000, ಒಟ್ಟು 24,40,000. ಇದು ನಿಮ್ಮ ಸಂಬಳಕ್ಕೇ ಸೇರ್ಕೊಳ್ಳತ್ತೆ. ಎಚ್‌ಆರ್ ಇದರ ಮೇಲೆ 30%, ಅದಕ್ಕೆ 4% ಸೆಸ್ ಹಾಕಿ 7,61,280 ಅಂದಿದ್ದಾರೆ. ಅವರ ಕಣ್ಣಿಗೆ ಕಾಣೋ ಸಂಬಳದ ಮಟ್ಟಿಗೆ ಅದು ಸರಿ. 24.75ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು 24 ಲಕ್ಷ, ಅದಕ್ಕೆ 24.40 ಸೇರಿಸಿದ್ರೆ 48.40 ಲಕ್ಷ.

ಆದ್ರೆ ಹೊಸ ಕಂಪನಿಯ 4 ಲಕ್ಷ ಅವರಿಗೆ ಕಾಣಲ್ಲ. ಅದನ್ನೂ ಸೇರಿಸಿದ್ರೆ 52.40 ಲಕ್ಷ. 50 ದಾಟಿತು, 10% ಸರ್ಚಾರ್ಜ್ ಬಂತು. ಸರ್ಚಾರ್ಜ್ ಬೀಳೋದು 50ರ ಮೇಲಿನ ತುಂಡಿಗಲ್ಲ, ಪೂರ್ತಿ ತೆರಿಗೆಗೆ.

ಈಸಾಪ್ ಮುಟ್ಟದೇ ಇದ್ದಿದ್ರೆ ಈ ವರ್ಷದ ತೆರಿಗೆ 4,36,800. 4,000 ತಗೊಂಡ್ರೆ 13,17,888. ವ್ಯತ್ಯಾಸ 8,81,088. ನಿಮ್ಮ ಈಸಾಪ್‌ನ ನಿಜವಾದ ತೆರಿಗೆ ಇದು. ಎಚ್‌ಆರ್ ಹೇಳಿದ್ದಕ್ಕಿಂತ 1,19,808 ಜಾಸ್ತಿ.

---

ಬನಶಂಕರಿ_2ನೇಹಂತ

ಅಯ್ಯೋ. ಅಂದ್ರೆ ಇನ್ನೂ 1.20 ಲಕ್ಷ ಬೇರೆ ಹೊಂದಿಸಬೇಕಾ?

---

ಪೇರೋಲ್_ಪದ್ಮ

ಅಷ್ಟೇ ಅಲ್ಲ. ಹೊಸ ಕಂಪನಿಗೆ ಹಳೇ ಸಂಬಳದ ವಿವರ, ಅಂದ್ರೆ ಫಾರ್ಮ್ 12ಬಿ, ಕೊಟ್ರಾ? ಕೊಡದೇ ಇದ್ರೆ ಅವರ ಪೇರೋಲ್‌ಗೆ ನಿಮ್ಮ ವರ್ಷದ ಸಂಬಳ ಬರೀ 4 ಲಕ್ಷ, ಟಿಡಿಎಸ್ ಸೊನ್ನೆ. ಆ 4 ಲಕ್ಷಕ್ಕೆ ನಿಜವಾಗಿ ಬರಬೇಕಾದ್ದು 1,24,800. ಸರ್ಚಾರ್ಜ್ ಜೊತೆ ಸೇರಿದ್ರೆ 2,44,608 ಬಾಕಿ. ಜುಲೈಲಿ ರಿಟರ್ನ್ ತುಂಬುವಾಗ ಗೊತ್ತಾದ್ರೆ ಬಡ್ಡಿ ಬೇರೆ.

ಕೊಟ್ರೆ ಅವರು ಫೆಬ್ರವರಿ, ಮಾರ್ಚ್ ಎರಡೇ ಸಂಬಳದಲ್ಲಿ ಅಷ್ಟೂ ಹಿಡೀತಾರೆ. 4 ಲಕ್ಷದಲ್ಲಿ 2.44 ಹೋದ್ರೆ ಮನೆ ಬಾಡಿಗೆ ಕಷ್ಟ. ಆಗಲ್ಲ ಅನ್ನೋರು ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ಚಲನ್ ತಾವೇ ಕಟ್ಟೋದು ವಾಸಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡೂ ಕಡೆ ಕಳೆದಿರ್ತಾರೆ, ರಿಟರ್ನಲ್ಲಿ ಒಂದೇ ಸಲ ಸಿಗೋದು, ಅದೂ ನೆನಪಿರಲಿ.

---

ಕೋರಮಂಗಲ_ಫಿಲ್ಟರ್‌ಕಾಫಿ

ಸಾರ್, ಮಾರ್ಜಿನಲ್ ರಿಲೀಫ್ ಅಂತ ಒಂದಿದೆಯಲ್ಲ? 50 ಲಕ್ಷ ಸ್ವಲ್ಪ ದಾಟಿದ್ರೆ ಸರ್ಚಾರ್ಜ್ ಪೂರ್ತಿ ಹಾಕಲ್ಲ. ಈ ಸಲ ನಾನು ಸರಿ ಅನ್ಕೋತೀನಿ.

---

ಲೆಕ್ಕದ_ಕಟ್ಟೆ

ನಿಯಮ ಸರಿ, ಇವರಿಗೆ ಎಟುಕಲ್ಲ. ಆ ರಿಯಾಯಿತಿ 50ರಿಂದ ಸುಮಾರು 51.61 ಲಕ್ಷದವರೆಗೆ ಮಾತ್ರ ಕೆಲಸ ಮಾಡತ್ತೆ. ಇವರು 52.40.

ಆದ್ರೆ ದಾರಿ ಬೇರೆ ಇದೆ. 4,000ವನ್ನೂ ಒಂದೇ ವರ್ಷ ತಗೋಬೇಕು ಅಂತ ಯಾರು ಹೇಳಿದ್ರು? ವಿಂಡೋ ಏಪ್ರಿಲ್ 30ರವರೆಗೆ ಇದೆ, ಮಾರ್ಚ್ 31 ಅದರ ನಡುವೆ ಬರತ್ತೆ. ಈಗ 3,600 ತಗೊಂಡ್ರೆ ಪರ್ಕ್ವಿಸಿಟ್ 21,96,000, ಒಟ್ಟು ಆದಾಯ 49.96 ಲಕ್ಷ, ಸರ್ಚಾರ್ಜ್ ಇಲ್ಲ. ಉಳಿದ 400 ಏಪ್ರಿಲಲ್ಲಿ. ಆ ಕಡೇ 400ನ್ನ ಈಗಲೇ ತಗೊಂಡ್ರೆ ಅದರ ತಲೆ ಮೇಲೆ ಬೀಳೋ ತೆರಿಗೆ 1,95,936. ಅದರ ಪರ್ಕ್ವಿಸಿಟ್ಟೇ 2,44,000! ಅಂದ್ರೆ 80%.

---

ಮಲ್ಲೇಶ್ವರ_8ನೇಅಡ್ಡರಸ್ತೆ

80%!! ಬೆಂಗಳೂರಲ್ಲಿ ಆಟೋ ಮೀಟರ್ ಮೇಲೂ ಇಷ್ಟು ಹಾಕಲ್ಲ 😂

---

ಕುಡ್ಲದ_ಹುಡುಗ

ಲೆಕ್ಕ ಚೆಂದ ಉಂಟು. ಆದರೆ 49.96 ಎಂದರೆ ಅಂಚಿನಲ್ಲಿ ನಿಂತ ಹಾಗೆ. ಬ್ಯಾಂಕಿನ ಬಡ್ಡಿ? ಎಫ್‌ಡಿ? ಒಂದೈದು ಸಾವಿರ ಬಡ್ಡಿ ಬಂದರೆ ಸಾಕು, 50 ದಾಟಿತು.

---

ಲೆಕ್ಕದ_ಕಟ್ಟೆ

ಒಪ್ಪಿದೆ, ಬಡ್ಡಿ ಮರೆತೆ. ಕೂದಲೆಳೆಯಷ್ಟು ದಾಟಿದ್ರೆ ರಿಲೀಫ್ ಕಾಪಾಡತ್ತೆ, ಆದ್ರೂ ಅಷ್ಟು ಅಂಚಿಗೆ ಹೋಗೋದು ಬೇಡ. 3,500 ಅಂತ ಇಟ್ಕೊಳ್ಳಿ. ಪರ್ಕ್ವಿಸಿಟ್ 21,35,000, ಒಟ್ಟು 49.35 ಲಕ್ಷ, ಬಡ್ಡಿಗೆ 65,000 ಜಾಗ ಉಳೀತು. ಈ ವರ್ಷದ ಪೂರ್ತಿ ತೆರಿಗೆ 11,02,920, ಅದರಲ್ಲಿ ಈಸಾಪ್ ಪಾಲು 6,66,120.

ಉಳಿದ 500ಕ್ಕೆ ಏಪ್ರಿಲಲ್ಲಿ ಅದೇ 620 ಬೆಲೆ ಇದ್ರೆ 31.2% ದರದಲ್ಲಿ ತೆರಿಗೆ 95,160. ಈಗಲೇ ತಗೊಂಡ್ರೆ 2,14,968.

---

ಪೇರೋಲ್_ಪದ್ಮ

ಅದೇ 620 ಇರಲ್ವಲ್ಲ ಸಾರ್. ನೀವೇ ಹೇಳಿದ್ರಿ, ಮಾರ್ಚ್ 14ಕ್ಕೆ ವರದಿ ಹಳಸತ್ತೆ. ಏಪ್ರಿಲಲ್ಲಿ ಹೊಸ ವರದಿ, ಹೊಸ ಬೆಲೆ. ಮಧ್ಯೆ ರೌಂಡ್ ಆದ್ರೆ ಏರಿರತ್ತೆ.

---

ಲೆಕ್ಕದ_ಕಟ್ಟೆ

ಸರಿಯಾದ ಪ್ರಶ್ನೆ. ಎಷ್ಟು ಏರಿದ್ರೆ ನಷ್ಟ ಅನ್ನೋದನ್ನ ಹಿಂದಿನಿಂದ ಲೆಕ್ಕ ಹಾಕಬಹುದು. ಈಗ ತಗೊಂಡ್ರೆ 2,14,968 ಹೋಗತ್ತೆ. ಏಪ್ರಿಲಲ್ಲಿ 31.2% ದರದಲ್ಲಿ ಅಷ್ಟೇ ಹೋಗಬೇಕಾದ್ರೆ ಪರ್ಕ್ವಿಸಿಟ್ 6,89,000 ಆಗಬೇಕು, 500 ಷೇರಿಗೆ ತಲಾ 1,378. ಕೊಡೋ 10 ಸೇರಿಸಿದ್ರೆ ಎಫ್‌ಎಂವಿ 1,388. ಎರಡು ತಿಂಗಳಲ್ಲಿ 620ರಿಂದ 1,388ಕ್ಕೆ ಹಾರಿದ್ರೆ ಮಾತ್ರ ಒಡೆದಿದ್ದಕ್ಕೆ ಬೇಜಾರು ಮಾಡ್ಕೋಬೇಕು. ಹಾಗೆ ಹಾರಿದ್ರೆ ಕೈಯಲ್ಲಿರೋ 3,500ಕ್ಕೆ ಖುಷಿಯೂ ಪಡಬಹುದು.

ಮುಂದಿನ ವರ್ಷ ನಿಮ್ಮ ಸಂಬಳವೇ 47, 48 ಲಕ್ಷ ಇದ್ರೆ ಮಾತ್ರ ಈ ಉಪಾಯ ತಿರುಗುಬಾಣ ಆಗತ್ತೆ. ಎರಡು ತಿಂಗಳಿಗೆ 4 ಲಕ್ಷ ಅಂದ್ರೆ ವರ್ಷಕ್ಕೆ 24ರ ಆಸುಪಾಸು, ಅದಕ್ಕೇ ಬಿಟ್ಟೆ.

---

ಕೋರಮಂಗಲ_ಫಿಲ್ಟರ್‌ಕಾಫಿ

ಇನ್ನೂ ಒಳ್ಳೇ ಐಡಿಯಾ ಇದೆ. 500ಕ್ಕೂ ಮಾರ್ಚ್ 10ಕ್ಕೇ ಅರ್ಜಿ ಹಾಕಿ, ಬೆಲೆ 620ಕ್ಕೆ ಕೂತ್ಕೊಳ್ಳತ್ತೆ. ಬೋರ್ಡಿಗೆ ಹೇಳಿ ಏಪ್ರಿಲಲ್ಲಿ ಅಲಾಟ್ ಮಾಡಿಸ್ಕೊಳ್ಳಿ. ಹಳೇ ಬೆಲೆ, ಹೊಸ ವರ್ಷ.

---

ಪೇರೋಲ್_ಪದ್ಮ

ನಮ್ಮಲ್ಲಿ ಎಕ್ಸರ್‌ಸೈಸ್ ಆದ ತಿಂಗಳೇ ಟಿಡಿಎಸ್ ಹಿಡಿದು ಫಾರ್ಮ್ 16ರಲ್ಲಿ ತೋರಿಸ್ತೀವಿ. ಅಲಾಟ್ಮೆಂಟ್ ಯಾವಾಗ ಅಂತ ಪೇರೋಲ್ ಕಾಯಲ್ಲ.

---

ಲೆಕ್ಕದ_ಕಟ್ಟೆ

ಕಾಯ್ದೆಯ ಪದ ನೋಡಿದ್ರೆ ಕಾಫಿ ಅವರ ವಾದಕ್ಕೆ ಬಲ ಇದೆ. ಬೆಲೆ ಗೊತ್ತು ಮಾಡೋದು ಎಕ್ಸರ್‌ಸೈಸ್ ದಿನದ್ದು, ತೆರಿಗೆ ಬೀಳೋದು "ಅಲಾಟ್ ಆದ ಅಥವಾ ವರ್ಗಾಯಿಸಿದ" ಷೇರಿನ ಮೇಲೆ. ನನ್ನ ಅಭಿಪ್ರಾಯದಲ್ಲಿ ವರ್ಷ ಅಲಾಟ್ಮೆಂಟಿನದ್ದೇ. ಆದ್ರೆ ಪದ್ಮ ಅವರು ಹೇಳಿದ ಹಾಗೆ ಅನೇಕ ಕಂಪನಿಗಳು ಎಕ್ಸರ್‌ಸೈಸ್ ತಿಂಗಳಲ್ಲೇ ತೋರಿಸ್ತವೆ. ಫಾರ್ಮ್ 16ರಲ್ಲಿ ಒಂದು ವರ್ಷ, ನಿಮ್ಮ ರಿಟರ್ನಲ್ಲಿ ಇನ್ನೊಂದು ವರ್ಷ ಅಂದ್ರೆ ನೋಟಿಸ್ ಬರೋದು ನಿಮಗೆ, ಪೇರೋಲ್‌ಗಲ್ಲ. ಬೋರ್ಡೂ ನಿಮ್ಮ ಅನುಕೂಲಕ್ಕೆ ಸಭೆ ಸೇರಲ್ಲ.

ಇದೇ ಮಾತು ಉಲ್ಟಾ ಕೂಡ. ಮೊದಲ 3,500ಕ್ಕೆ ಮಾರ್ಚ್ ಕೊನೇ ವಾರದವರೆಗೆ ಕಾದ್ರೆ ಅಲಾಟ್ಮೆಂಟ್ ಏಪ್ರಿಲ್‌ಗೆ ಜಾರಿ ಎಲ್ಲಾ ಒಂದೇ ವರ್ಷಕ್ಕೆ ಬಂದು ಬೀಳಬಹುದು. ಅದಕ್ಕೇ ಈ ತಿಂಗಳೇ ಅರ್ಜಿ ಹಾಕಿ, ಮಾರ್ಚ್ 31ರ ಒಳಗೆ ಅಲಾಟ್ ಆಗತ್ತಾ ಅಂತ ಬರಹದಲ್ಲಿ ಕೇಳಿ.

---

ಪೇರೋಲ್_ಪದ್ಮ

ನಮ್ಮ ಅಭ್ಯಾಸ ತಪ್ಪು ಅಂತ ನಾನು ಒಪ್ಪಲ್ಲ ಸಾರ್. ಎಕ್ಸರ್‌ಸೈಸ್ ಆದ್ಮೇಲೆ ಜನ ದುಡ್ಡು ಕೊಡದೇ ಕೈ ಎತ್ತಿದ್ರೆ ಟಿಡಿಎಸ್ ಹೊರೆ ಕಂಪನಿ ಮೇಲೆ. ಈ ಚರ್ಚೆ ಇನ್ನೊಂದು ದಿನಕ್ಕೆ ಇರಲಿ.

---

ಗಾಂಧಿಬಜಾರ್_ಗುಂಡಣ್ಣ

ಟಿಡಿಎಸ್ ಹೊರೆ ಅಂದ ಕೂಡಲೇ ಹಳೇದೊಂದು ನೆನಪಾಯ್ತು. ಇದೇ ಊರಿನ ಇನ್ಫೋಸಿಸ್ ಕೇಸು. 90ರ ದಶಕದ ಷೇರುಗಳು, ಟ್ರಸ್ಟ್ ಮೂಲಕ ಕೊಟ್ಟಿದ್ದು, ಐದು ವರ್ಷ ಮಾರೋ ಹಾಗಿಲ್ಲ. ಟಿಡಿಎಸ್ ಹಿಡೀಲಿಲ್ಲ ಅಂತ ಇಲಾಖೆ ಕಂಪನಿಯನ್ನೇ ತಪ್ಪಿತಸ್ಥ ಅಂತು. 2008ರಲ್ಲಿ ಸುಪ್ರೀಂ ಕೋರ್ಟು ಕಂಪನಿ ಪರ ತೀರ್ಪು ಕೊಡ್ತು. ಮಾರೋಕಾಗದ ಷೇರಿನಲ್ಲಿ ಕಾಣೋ ಲಾಭಕ್ಕೆ ಆಗಿನ ಕಾನೂನಲ್ಲಿ ತೆರಿಗೆ ಇಲ್ಲ ಅಂತ.

ಮಧ್ಯೆ 2007ರಿಂದ 2009ರವರೆಗೆ ಇದು ಎಫ್‌ಬಿಟಿ, ಅಂದ್ರೆ ನೌಕರರಿಗೆ ಕೊಡೋ ಸೌಲಭ್ಯಗಳ ಮೇಲಿನ ತೆರಿಗೆ. ಕಟ್ಟೋನು ಮಾಲೀಕ, ಬೆಲೆ ವೆಸ್ಟ್ ಆದ ದಿನದ್ದು. 2009 ಏಪ್ರಿಲ್‌ನಿಂದ ಈಗಿನ ಪದ್ಧತಿ.

---

ಹೆಬ್ಬಾಳ_ಜಾಮ್

ಹಾಗಾದ್ರೆ ಇವರೂ ಆ ತೀರ್ಪು ತೋರಿಸಬಹುದಲ್ವಾ? ಇವರ ಷೇರೂ ಮಾರೋಕಾಗಲ್ಲ.

---

ಗಾಂಧಿಬಜಾರ್_ಗುಂಡಣ್ಣ

ಇಲ್ಲಪ್ಪ. ಆಗ ಬೆಲೆ ಕಟ್ಟೋ ವಿಧಾನವೇ ಕಾಯ್ದೆಲಿ ಇರಲಿಲ್ಲ. ಈಗ ಮರ್ಚೆಂಟ್ ಬ್ಯಾಂಕರ್, 180 ದಿನ ಅಂತ ಎಲ್ಲಾ ಬರೆದಿಟ್ಟಿದ್ದಾರೆ. ಆ ಬಾಗಿಲು ಮುಚ್ಚಿ ಬಹಳ ಕಾಲ ಆಯ್ತು.

---

ಬನಶಂಕರಿ_2ನೇಹಂತ

ಎಲ್ಲರಿಗೂ ಥ್ಯಾಂಕ್ಸ್. 3,500 ಈಗ, 500 ಏಪ್ರಿಲಲ್ಲಿ ಅಂತ ಮನಸ್ಸು ಮಾಡಿದ್ದೀನಿ. ನನ್ನ ಎರಡನೇ ಪ್ರಶ್ನೆ ಹಾಗೇ ಉಳೀತು. ಮಾರಿದಾಗ?

---

ಮಲ್ಲೇಶ್ವರ_8ನೇಅಡ್ಡರಸ್ತೆ

ಮಾರಿದಾಗ ಮತ್ತೆ ಕಟ್ಟಬೇಕು. 10 ರೂಪಾಯಿಗೆ ತಗೊಂಡು 900ಕ್ಕೆ ಮಾರಿದ್ರೆ 890 ಲಾಭ. ಎರಡು ಸಲ ಸುಲಿಗೆ, ಅಷ್ಟೇ.

---

ಲೆಕ್ಕದ_ಕಟ್ಟೆ

ಈ 890ರ ಲೆಕ್ಕದಿಂದಲೇ ಜನ ಲಕ್ಷಗಟ್ಟಲೆ ಜಾಸ್ತಿ ಕಟ್ತಾರೆ. ಮಾರುವಾಗ ನಿಮ್ಮ ಅಸಲು 10 ಅಲ್ಲ, 620. ಯಾವ ಎಫ್‌ಎಂವಿ ಮೇಲೆ ಸಂಬಳದ ತೆರಿಗೆ ಕಟ್ಟಿದ್ರೋ ಅದೇ ಕೊಂಡ ಬೆಲೆ. 10ರಿಂದ 620ರವರೆಗಿನ ಏರಿಕೆಗೆ ಈಗ ಸಂಬಳ ಅಂತ ತೆರಿಗೆ, 620ರಿಂದ ಮೇಲಿನದ್ದಕ್ಕೆ ಆಮೇಲೆ ಕ್ಯಾಪಿಟಲ್ ಗೇನ್. ಎರಡು ಸಲ ಕಟ್ಟೋದು ನಿಜ, ಒಂದೇ ದುಡ್ಡಿಗೆ ಅಲ್ಲ.

ನಿಮ್ಮ 3,500 ಷೇರು ಎರಡು ವರ್ಷದ ಮೇಲೆ ಯಾವುದೋ ಹೂಡಿಕೆದಾರನಿಗೆ 900ಕ್ಕೆ ಹೋಯ್ತು ಅನ್ನಿ. ಲಾಭ ತಲಾ 280, ಒಟ್ಟು 9,80,000. ಈಗಿನ ದರ 12.5%, ಸೆಸ್ ಸೇರಿ 1,27,400. ಅಸಲು 10 ಅಂತ ಹಾಕಿದ್ರೆ 4,04,950. ಸುಮ್ಮನೆ 2.77 ಲಕ್ಷ ದಾನ.

ಡಿಮ್ಯಾಟ್‌ಗೆ ಬಂದ ಈಸಾಪ್ ಷೇರಿಗೆ ಬ್ರೋಕರ್ ತೋರಿಸೋ ಟ್ಯಾಕ್ಸ್ ರಿಪೋರ್ಟ್ ನಂಬಬೇಡಿ. ಕೊಂಡ ಬೆಲೆ ಕಾಲಮ್ಮಲ್ಲಿ ಎಷ್ಟೋ ಸಲ ಸೊನ್ನೆ ಇರತ್ತೆ, ಇಲ್ಲಾ 10. ಅವರಿಗೆ ನಿಮ್ಮ ಎಫ್‌ಎಂವಿ ಗೊತ್ತಾಗೋಕೆ ದಾರಿ ಇಲ್ಲ. ಮರ್ಚೆಂಟ್ ಬ್ಯಾಂಕರ್ ವರದಿಯ ಪ್ರತಿ, ಅಲಾಟ್ಮೆಂಟ್ ಪತ್ರ, ಆ ವರ್ಷದ ಫಾರ್ಮ್ 16 ಮತ್ತು 12ಬಿಎ ಈಗಲೇ ಇಸ್ಕೊಂಡು ಇಟ್ಕೊಳ್ಳಿ. ಮೂರು ವರ್ಷ ಆದ್ಮೇಲೆ ಹಳೇ ಎಚ್‌ಆರ್ ಫೋನ್ ಎತ್ತಲ್ಲ.

---

ಕುಡ್ಲದ_ಹುಡುಗ

ಎರಡು ವರ್ಷ ಎಲ್ಲಿಂದ ಎಣಿಸುವುದು? ಗ್ರಾಂಟ್ ಸಿಕ್ಕಿದ ದಿನದಿಂದ ಅಲ್ಲವಾ?

---

ಲೆಕ್ಕದ_ಕಟ್ಟೆ

ಅಲ್ಲ. ಗ್ರಾಂಟೂ ಅಲ್ಲ, ವೆಸ್ಟೂ ಅಲ್ಲ, ಎಕ್ಸರ್‌ಸೈಸ್ ಅರ್ಜಿ ದಿನವೂ ಅಲ್ಲ. ಅಲಾಟ್ ಆದ ದಿನದಿಂದ. ಲಿಸ್ಟ್ ಆಗದ ಷೇರು 24 ತಿಂಗಳು ದಾಟಿರಬೇಕು, ಇಲ್ಲಾಂದ್ರೆ ಲಾಭ ಸ್ಲ್ಯಾಬ್ ದರಕ್ಕೆ, ಅಂದ್ರೆ ಇವರಿಗೆ 30%. ಮಾರೋ ಹೊತ್ತಿಗೆ ಕಂಪನಿ ಐಪಿಒ ಆಗಿ ಷೇರು ಲಿಸ್ಟ್ ಆಗಿದ್ರೆ 12 ತಿಂಗಳು ದಾಟಿದ್ರೆ ಸಾಕು, ವರ್ಷಕ್ಕೆ 1.25 ಲಕ್ಷ ಲಾಭಕ್ಕೆ ತೆರಿಗೆಯೂ ಇಲ್ಲ. 500ರ ಕಂತಿಗೆ ಬೇರೆ ಅಲಾಟ್ಮೆಂಟ್ ದಿನ, ಬೇರೆ ಅಸಲು. ಡಿಮ್ಯಾಟಲ್ಲಿ ಮೊದಲು ಬಂದಿದ್ದೇ ಮೊದಲು ಹೋದ ಹಾಗೆ ಲೆಕ್ಕ.

---

ಮಲ್ಲೇಶ್ವರ_8ನೇಅಡ್ಡರಸ್ತೆ

ಸರಿ, ಒಪ್ಪಿದೆ. ಬೆಲೆ ಬಿದ್ರೆ? 300ಕ್ಕೆ ಮಾರಿದ್ರೆ? ಕಟ್ಟಿದ 6.66 ಲಕ್ಷ ವಾಪಸ್ ಕೊಡ್ತಾರಾ?

---

ಪೇರೋಲ್_ಪದ್ಮ

ಕೊಡಲ್ಲ. ಪರ್ಕ್ವಿಸಿಟ್ ತೆರಿಗೆ ಒಂದ್ಸಲ ಹೋದ್ರೆ ಹೋಯ್ತು.

---

ಲೆಕ್ಕದ_ಕಟ್ಟೆ

620 ಅಸಲು, 300 ಮಾರಾಟ, 3,500 ಷೇರಿಗೆ 11.20 ಲಕ್ಷ ಕ್ಯಾಪಿಟಲ್ ಲಾಸ್. ಅದನ್ನ ಸಂಬಳದ ಎದುರು ಕಳೆಯೋ ಹಾಗಿಲ್ಲ. ದೀರ್ಘಾವಧಿ ನಷ್ಟ ಆದ್ರೆ ದೀರ್ಘಾವಧಿ ಲಾಭದ ಎದುರು ಮಾತ್ರ, 8 ವರ್ಷದವರೆಗೆ. ರಿಟರ್ನ್ ಗಡುವಿನೊಳಗೆ ತುಂಬಿದ್ರೆ ಮಾತ್ರ ಮುಂದಕ್ಕೆ ಒಯ್ಯಬಹುದು. ನನ್ನ ಮಟ್ಟಿಗೆ ಈಸಾಪ್‌ನಲ್ಲಿ ನಿಜವಾಗಿ ಅನ್ಯಾಯ ಅನ್ನಿಸೋ ಜಾಗ ಇದೇ.

---

ಕುಡ್ಲದ_ಹುಡುಗ

ಹಾಗಾದರೆ ಕೈಯಿಂದ ಏಳು ಲಕ್ಷದ ಹತ್ತಿರ ಹಾಕಿ, ಮಾರಲಾಗದ ಕಾಗದ ತೆಗೆದುಕೊಳ್ಳುವುದು ಯಾಕೆ? ನಾನಾದರೆ ಬಿಟ್ಟುಬಿಡುತ್ತಿದ್ದೆ.

---

ಕೋರಮಂಗಲ_ಫಿಲ್ಟರ್‌ಕಾಫಿ

ಬಿಡೋದಾ?! 620 ಬೆಲೆಯ ಷೇರು 10 ರೂಪಾಯಿಗೆ. ತೆರಿಗೆ ಸೇರಿಸಿದ್ರೂ 200 ರೂಪಾಯಿ ಬೀಳತ್ತೆ. ಮೂರನೇ ಒಂದು ಪಾಲಿಗೆ ಸಿಗ್ತಿದೆ. ಅದೂ ಅಲ್ದೆ ನಮ್ಮ ಕಡೆ ಕಂಪನಿಗಳು ಬೈಬ್ಯಾಕ್ ಮಾಡ್ತಾನೇ ಇರ್ತವೆ.

---

ಪೇರೋಲ್_ಪದ್ಮ

200ರ ಲೆಕ್ಕ ಸರಿ. 10 ಮತ್ತು 610ರ 31.2% ಅಂದ್ರೆ 190 ಚಿಲ್ಲರೆ. 620 ಅನ್ನೋದು ಕಾಗದದ ಬೆಲೆ ಅನ್ನೋದನ್ನ ಮಾತ್ರ ಮರೀಬಾರದು. ಕೊಳ್ಳೋರು ಸಿಗಬೇಕಲ್ಲ.

---

ಲೆಕ್ಕದ_ಕಟ್ಟೆ

ಬೈಬ್ಯಾಕ್ ಅನ್ನೋ ಪದದ ಹಿಂದೆ ಮೂರು ಬೇರೆ ಬೇರೆ ವ್ಯವಹಾರ ಇರತ್ತೆ, ತೆರಿಗೆ ಮೂರಕ್ಕೂ ಬೇರೆ. ಹೂಡಿಕೆದಾರ ಬಂದು ನಿಮ್ಮ ಷೇರು ಕೊಂಡ್ರೆ ಅದು ಮಾಮೂಲಿ ಮಾರಾಟ, ಮೇಲೆ ಹೇಳಿದ 280ರ ಲೆಕ್ಕ. ಕಂಪನಿ ನಿಮ್ಮ ಆಪ್ಷನ್ನನ್ನೇ ದುಡ್ಡು ಕೊಟ್ಟು ರದ್ದು ಮಾಡಿದ್ರೆ ಷೇರೇ ಹುಟ್ಟಿಲ್ಲ, ಬಂದಿದ್ದನ್ನ ಕಂಪನಿಗಳು ಸಂಬಳ ಅಂತಲೇ ಹಿಡೀತವೆ. ಮೂರನೇದು ನಿಜವಾದ ಬೈಬ್ಯಾಕ್, ಕಂಪನಿಯೇ ತನ್ನ ಷೇರು ವಾಪಸ್ ಕೊಳ್ಳೋದು.

2024 ಅಕ್ಟೋಬರ್ 1ರಿಂದ ಈ ಮೂರನೇದರಲ್ಲಿ ಬಂದ ಪೂರ್ತಿ ಹಣ ಡಿವಿಡೆಂಡ್. 900ಕ್ಕೆ 3,500 ಕೊಟ್ರೆ 31.50 ಲಕ್ಷವೂ ಸ್ಲ್ಯಾಬ್ ದರಕ್ಕೆ. ನಿಮ್ಮ ಅಸಲು 21.70 ಲಕ್ಷ ಕ್ಯಾಪಿಟಲ್ ಲಾಸ್ ಅಂತ ಪಕ್ಕಕ್ಕೆ. ಮಲ್ಲೇಶ್ವರದವರ "ಎರಡು ಸಲ ಸುಲಿಗೆ" ಅನ್ನೋದು ಇಲ್ಲಿಗೆ ಮಾತ್ರ ಅಕ್ಷರಶಃ ಒಪ್ಪತ್ತೆ. ಮೊನ್ನೆ ಬಜೆಟಲ್ಲಿ ಇದನ್ನ ಮತ್ತೆ ಕ್ಯಾಪಿಟಲ್ ಗೇನ್‌ಗೆ ತರೋ ಪ್ರಸ್ತಾಪ ಬಂದಿದೆ. ಹಾಗಾಗಿ ಮಾರ್ಚೊಳಗೆ ಯಾರಾದ್ರೂ ಬೈಬ್ಯಾಕ್ ಕಾಗದಕ್ಕೆ ಸಹಿ ಹಾಕಿ ಅಂದ್ರೆ ದಿನಾಂಕ ನೋಡಿ ಹಾಕಿ.

---

ಮಲ್ಲೇಶ್ವರ_8ನೇಅಡ್ಡರಸ್ತೆ

ಕಡೆಗೂ ಒಂದು ಕಡೆ ನಾನು ಸರಿ 😌

---

ಹೆಬ್ಬಾಳ_ಜಾಮ್

ನಂದೊಂದು ಚಿಕ್ಕ ಪ್ರಶ್ನೆ. ಅಮೆರಿಕದ ಷೇರಿಗೂ 12 ತಿಂಗಳೇ ತಾನೆ? ನಾಸ್ಡಾಕಲ್ಲಿ ಲಿಸ್ಟ್ ಆಗಿದೆಯಲ್ಲ.

---

ಲೆಕ್ಕದ_ಕಟ್ಟೆ

24. ನಮ್ಮ ಕಾಯ್ದೆಗೆ ಲಿಸ್ಟ್ ಅಂದ್ರೆ ಇಲ್ಲಿನ ಎಕ್ಸ್‌ಚೇಂಜ್. ರಿಟರ್ನಲ್ಲಿ ವಿದೇಶಿ ಆಸ್ತಿ ಪಟ್ಟಿ ತುಂಬ್ತಿದ್ದೀರಿ ತಾನೆ? ಅದಕ್ಕೆ ಬೇರೆ ಥ್ರೆಡ್ ತೆಗೀರಿ, ಇಲ್ಲಿ ಬೇಡ.

---

ಪೇರೋಲ್_ಪದ್ಮ

@ಬನಶಂಕರಿ_2ನೇಹಂತ ಒಂದು ಮಾತು ಬಿಟ್ಟುಹೋಗಿತ್ತು. ಲಿಸ್ಟ್ ಆಗದ ಷೇರು ಕೈಗೆ ಬಂದ ವರ್ಷದಿಂದ ಐಟಿಆರ್ 1 ತುಂಬೋ ಹಾಗಿಲ್ಲ. ಐಟಿಆರ್ 2ರಲ್ಲಿ ಆ ಷೇರಿನ ಕಲಮು ಇದೆ, ಕಂಪನಿ ಹೆಸರು, ಪ್ಯಾನ್, ಸಂಖ್ಯೆ, ಕೊಂಡ ಬೆಲೆ ಬರೀಬೇಕು. ಮಾರದೇ ಇದ್ರೂ ವರ್ಷಾ ವರ್ಷಾ.

---

ಬನಶಂಕರಿ_2ನೇಹಂತ · ಫೆಬ್ರವರಿ 11

ಅಪ್‌ಡೇಟ್. 3,500ಕ್ಕೆ ಅರ್ಜಿ ಕಳಿಸಿದೆ, ಮೌಲ್ಯಮಾಪನ ವರದಿಯ ಪ್ರತಿ ಕೇಳಿದೆ. ಎಚ್‌ಆರ್ ಉತ್ತರ: "ವರದಿ ಗೋಪ್ಯ, ಎಫ್‌ಎಂವಿ ಮತ್ತು ದಿನಾಂಕ ನಮೂದಿಸಿ ಪತ್ರ ಕೊಡ್ತೀವಿ." ಅಲಾಟ್ಮೆಂಟ್ ದಿನ ಕೇಳಿದ್ದಕ್ಕೆ "ಮುಂದಿನ ಬೋರ್ಡ್ ಸಭೆಲಿ" ಅಂತ ಮಾತ್ರ. ದಿನಾಂಕ ಹೇಳ್ತಿಲ್ಲ.

---

ಲೆಕ್ಕದ_ಕಟ್ಟೆ

ಪತ್ರ ಸಾಕು. ಅದರಲ್ಲಿ ಮರ್ಚೆಂಟ್ ಬ್ಯಾಂಕರ್ ಹೆಸರು, ಸೆಬಿ ನೋಂದಣಿ ಸಂಖ್ಯೆ ಇರಲಿ. ಬೋರ್ಡ್ ಸಭೆ ದಿನಾಂಕ ಗೊತ್ತಾಗೋವರೆಗೂ 500ರ ಅರ್ಜಿ ಮುಟ್ಟಬೇಡಿ. 3,500 ಏಪ್ರಿಲ್‌ಗೆ ಜಾರಿದ್ರೆ ಲೆಕ್ಕ ಮತ್ತೆ ಮೊದಲಿಂದ ಹಾಕಬೇಕಾಗತ್ತೆ.

---

ಪೇರೋಲ್_ಪದ್ಮ

ಜಾರಿದ್ರೂ ಫಾರ್ಮ್ 16ರಲ್ಲಿ ಈ ವರ್ಷವೇ ಬರತ್ತೆ, ನೋಡ್ತಿರಿ 🙂